ಒದ್ದೆ ಮಾಲು ತೂಗಿದರೆ ಲಾಭ ಎಲ್ಲಿಂದ ಬಂತು? ಕೆಮಿಕಲ್ ಪ್ಲಾಂಟಿನ ಪ್ರೋಸೆಸ್ ಕಾಸ್ಟಿಂಗ್ ಬಗ್ಗೆ ಒಂದು ಮಾತು

(ರಾಯಚೂರಿನಲ್ಲಿ ಬಿ.ಕಾಂ ವಿದ್ಯಾರ್ಥಿಗಳು ಮತ್ತು ಕಾರ್ಖಾನೆಗಳ ಅಕೌಂಟ್ಸ್ ವಿಭಾಗದವರ ಮುಂದೆ ಆಡಿದ ಮಾತಿನ ಬರಹ ರೂಪ)

ಮೊದಲು ರೊಟ್ಟಿಯಿಂದ ಶುರು ಮಾಡೋಣ. ಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಾರೆ ಅಂದುಕೊಳ್ಳಿ. ಇಪ್ಪತ್ತು ರೊಟ್ಟಿ ಬೆಂದು ಬುಟ್ಟಿಗೆ ಬಿದ್ದಿವೆ. ಇನ್ನು ಹತ್ತು ಹಂಚಿನ ಮೇಲೆ ಅರ್ಧ ಬೆಂದಿವೆ. ಹಂಚು ಅಷ್ಟು ದೊಡ್ಡದಲ್ಲ ಅನ್ನಬೇಡಿ, ಇದು ಲೆಕ್ಕದ ಹಂಚು. ಅಷ್ಟೊತ್ತಿಗೆ ಯಾರೋ ಬಂದು, "ಇಲ್ಲಿವರೆಗೆ ಎಷ್ಟು ರೊಟ್ಟಿ ಆದವು?" ಅಂತ ಕೇಳುತ್ತಾರೆ.

ಉತ್ತರ ಒಂದಲ್ಲ, ಎರಡು. ಹಿಟ್ಟಿನ ಲೆಕ್ಕದಲ್ಲಿ ಮೂವತ್ತು ರೊಟ್ಟಿ ಆಗಿವೆ, ಯಾಕೆಂದರೆ ಹಂಚಿನ ಮೇಲಿರುವ ಹತ್ತಕ್ಕೂ ಹಿಟ್ಟು ಪೂರ್ತಿ ಬಿದ್ದಿದೆ. ಉರಿಯ ಲೆಕ್ಕದಲ್ಲಿ ಇಪ್ಪತ್ತೈದೇ ಆಗಿವೆ, ಯಾಕೆಂದರೆ ಆ ಹತ್ತಕ್ಕೆ ಸೌದೆ ಅರ್ಧ ಮಾತ್ರ ಖರ್ಚಾಗಿದೆ. ಈ ಮೂವತ್ತು ಮತ್ತು ಇಪ್ಪತ್ತೈದೇ ಈಕ್ವಿವಲೆಂಟ್ ಯೂನಿಟ್. ಪುಸ್ತಕದಲ್ಲಿ ಸಮಾನ ಘಟಕ ಅಂತ ಇರುತ್ತದೆ. ಅರ್ಧಂಬರ್ಧ ಆದ ಮಾಲನ್ನು ಪೂರ್ತಿ ಆದ ಮಾಲಿನ ಅಳತೆಗೆ ತರುವುದು, ಅಷ್ಟೇ. ಹಿಟ್ಟು ಅಂದರೆ ಮೆಟೀರಿಯಲ್. ಉರಿ, ಕೂಲಿ, ಕರೆಂಟು ಎಲ್ಲ ಸೇರಿ ಕನ್ವರ್ಶನ್ ಕಾಸ್ಟ್.

ಇಷ್ಟು ನಿಮಗೆ ಕ್ಲಾಸಿನಲ್ಲಿ ಹೇಳಿರುತ್ತಾರೆ. ನಾನು ಇವತ್ತು ಹೇಳಬೇಕು ಅಂತ ಬಂದಿರುವುದು, ಈ ಲೆಕ್ಕ ಕಾರ್ಖಾನೆಯಲ್ಲಿ ಎಲ್ಲಿ ಕೆಡುತ್ತದೆ ಅನ್ನುವುದನ್ನು. ಪರೀಕ್ಷೆಯಲ್ಲಿ "ಕ್ಲೋಸಿಂಗ್ ಸ್ಟಾಕ್ 3,000 ಕೆಜಿ, ಕನ್ವರ್ಶನ್ 50%" ಅಂತ ಪ್ರಶ್ನೆಯಲ್ಲೇ ಬರೆದಿರುತ್ತದೆ. ಪ್ಲಾಂಟಿನಲ್ಲಿ ಹಾಗೆ ಯಾರೂ ಬರೆದುಕೊಡುವುದಿಲ್ಲ. ಆ 3,000 ಎಲ್ಲಿಂದ ಬಂತು, ಆ 50 ಎಲ್ಲಿಂದ ಬಂತು, ಅಲ್ಲೇ ಎಲ್ಲ ಗೋಳು ಇರುವುದು.

ಒಂದು ಪ್ಲಾಂಟ್ ತೆಗೆದುಕೊಳ್ಳೋಣ. ನಮ್ಮ ದೇವಸೂಗೂರು ಇಂಡಸ್ಟ್ರಿಯಲ್ ಏರಿಯಾ ಕಡೆ ಹೋದವರು ಇಂಥದ್ದನ್ನು ನೋಡಿರುತ್ತೀರಿ. ಔಷಧಕ್ಕೆ ಬೇಕಾದ ಒಂದು ಇಂಟರ್‌ಮೀಡಿಯೆಟ್ ಪುಡಿ ತಯಾರಾಗುತ್ತದೆ. ಕಚ್ಚಾ ಮಾಲೆಲ್ಲ ಮೊದಲೇ ರಿಯಾಕ್ಟರಿಗೆ ಹಾಕುತ್ತಾರೆ. 10 ಗಂಟೆ ರಿಯಾಕ್ಷನ್. ಆಮೇಲೆ 8 ಗಂಟೆ ತಂಪು ಮಾಡುತ್ತಾರೆ, ಹರಳು ಕಟ್ಟುತ್ತದೆ. ಆಮೇಲೆ ಸೆಂಟ್ರಿಫ್ಯೂಜ್, 2 ಗಂಟೆ. ಬಟ್ಟೆ ಒಗೆಯುವ ಮಷಿನ್ ನೀರು ಹಿಂಡಿದ ಹಾಗೆ ಇದು ದ್ರವವನ್ನು ಹಿಂಡಿ ಹಾಕುತ್ತದೆ. ಉಳಿಯುವುದು ಒದ್ದೆ ಕೇಕ್. ಕೊನೆಗೆ ಡ್ರೈಯರ್, 10 ಗಂಟೆ. ಒಟ್ಟು 30 ಗಂಟೆ.

ಹಿಂಡಿದಾಗ ಹೊರಗೆ ಹೋಗುವ ದ್ರವಕ್ಕೆ ಪ್ಲಾಂಟಿನವರು ಎಂಎಲ್ ಅನ್ನುತ್ತಾರೆ, ಮದರ್ ಲಿಕ್ಕರ್. ಅದರಲ್ಲಿ ಸ್ವಲ್ಪ ಮಾಲು ಕರಗಿ ಹೋಗೇ ಹೋಗುತ್ತದೆ. ಇದೇ ನಮ್ಮ ನಾರ್ಮಲ್ ಲಾಸ್. ಚಾರ್ಜ್ ಮಾಡಿದ್ದರಲ್ಲಿ 5% ಅಂತ ಮೊದಲೇ ನಿಗದಿ ಮಾಡಿದ್ದಾರೆ.

ಈಗ ಒಂದು ತಿಂಗಳ ಅಂಕಿ. ತಿಂಗಳ ಶುರುವಿನಲ್ಲಿ 2,000 ಕೆಜಿ ಮಾಲು ಡ್ರೈಯರಿನಲ್ಲಿ ಅರ್ಧಂಬರ್ಧ ಇತ್ತು. ಈ ತಿಂಗಳು 20 ಬ್ಯಾಚ್ ಚಾರ್ಜ್ ಮಾಡಿದರು. ಲಾಸ್ ಕಳೆಯುವ ಮೊದಲಿನ ಲೆಕ್ಕದಲ್ಲಿ ಒಂದೊಂದರಿಂದ 1,000 ಕೆಜಿ ಒಣ ಪುಡಿ ಬರಬೇಕು, ಅಂದರೆ 20,000 ಕೆಜಿ. ಒಟ್ಟು 22,000. ಇದರಲ್ಲಿ 18,000 ಕೆಜಿ ಒಣಗಿ ಡ್ರಮ್ಮಿಗೆ ತುಂಬಿತು. ನಾರ್ಮಲ್ ಲಾಸ್ 20,000ಕ್ಕೆ 5%, ಅಂದರೆ 1,000 ಕೆಜಿ. ತಿಂಗಳ ಕೊನೆಯ ರಾತ್ರಿ 3,000 ಕೆಜಿ ಸೆಂಟ್ರಿಫ್ಯೂಜ್ ದಾಟಿ ಡ್ರೈಯರಿಗೆ ಹೋಗಲು ಕಾಯುತ್ತಿತ್ತು. 18,000, 1,000, 3,000 ಸೇರಿಸಿ: 22,000. ಸರಿ ಹೋಯಿತು.

ದುಡ್ಡಿನ ಕಡೆ ಬನ್ನಿ. ಓಪನಿಂಗ್ ಮಾಲಿನ ಮೇಲೆ ಹಿಂದಿನ ತಿಂಗಳೇ ಮೆಟೀರಿಯಲ್ ₹3,90,000, ಕನ್ವರ್ಶನ್ ₹70,000 ಕೂತಿದೆ. ಈ ತಿಂಗಳು ಮೆಟೀರಿಯಲ್ ₹38,30,000, ಕನ್ವರ್ಶನ್ ₹11,00,000. ಎಂಎಲ್‌ನಿಂದ ತೆಗೆದ ಕೆಳದರ್ಜೆ ಮಾಲು ಮಾರಿ ₹20,000 ಬಂತು. ಅದನ್ನು ಮೆಟೀರಿಯಲ್‌ನಿಂದ ಕಳೆಯುತ್ತೇವೆ. ಬೋರ್ಡಿನ ಮೇಲೆ ಬರೆದದ್ದು ಇದು:

| | ಮೆಟೀರಿಯಲ್ | ಕನ್ವರ್ಶನ್ |
|---|---|---|
| ಮುಗಿದ ಮಾಲು (ಕೆಜಿ) | 18,000 | 18,000 |
| ಕ್ಲೋಸಿಂಗ್ 3,000 ಕೆಜಿ (100%, 50%) | 3,000 | 1,500 |
| ಈಕ್ವಿವಲೆಂಟ್ ಯೂನಿಟ್ | 21,000 | 19,500 |
| ಓಪನಿಂಗ್ + ಈ ತಿಂಗಳ ವೆಚ್ಚ | ₹42,00,000 | ₹11,70,000 |
| ಕೆಜಿಗೆ ದರ | ₹200 | ₹60 |

ಮುಗಿದ ಮಾಲಿಗೆ 18,000 ಗುಣಿಸು ₹260, ಅಂದರೆ ₹46,80,000. ಕ್ಲೋಸಿಂಗ್ ಮಾಲಿಗೆ ಮೆಟೀರಿಯಲ್ ₹6,00,000, ಕನ್ವರ್ಶನ್ ₹90,000, ಒಟ್ಟು ₹6,90,000. ಎರಡೂ ಸೇರಿದರೆ ₹53,70,000. ಮೇಲಿನ 42,00,000 ಮತ್ತು 11,70,000 ಕೂಡಿಸಿ ನೋಡಿ, ಅದೇ ಬರುತ್ತದೆ.

ಇಲ್ಲಿ ಒಬ್ಬ ಹುಡುಗ ಕೈ ಎತ್ತಿದ. "ಸರ್, ಓಪನಿಂಗ್ ಮಾಲು ಎಷ್ಟು ಪರ್ಸೆಂಟ್ ಆಗಿತ್ತು ಅಂತ ನೀವು ಹೇಳಲೇ ಇಲ್ಲ." ಒಳ್ಳೆಯ ಪ್ರಶ್ನೆ. ಅದು 60% ಆಗಿತ್ತು. ಆದರೆ ನಾವು ಬೋರ್ಡಿನ ಮೇಲೆ ಮಾಡಿದ್ದು ವೇಯ್ಟೆಡ್ ಆವರೇಜ್ ಪದ್ಧತಿ, ಅದರಲ್ಲಿ ಅದು ಬೇಕಾಗಿಯೇ ಇಲ್ಲ. ಯಾಕೆ? ಈ ಪದ್ಧತಿ ಹಳೆ ವೆಚ್ಚ, ಹೊಸ ವೆಚ್ಚ ಎಲ್ಲವನ್ನೂ ಒಂದೇ ಹಂಡೆಗೆ ಸುರಿದು ಕಲಸುತ್ತದೆ. ಹಳೆ ದುಡ್ಡೂ ಹಂಡೆಯಲ್ಲಿದೆ, ಹಳೆ ಕೆಲಸವೂ ಹಂಡೆಯಲ್ಲಿದೆ. ಹಾಗಾಗಿ ಹಿಂದಿನ ತಿಂಗಳು ಎಷ್ಟಾಗಿತ್ತು ಅಂತ ಬೇರೆ ಮಾಡುವ ಅಗತ್ಯ ಇಲ್ಲ. ಫಿಫೋದಲ್ಲಿ ಹಾಗಲ್ಲ. ಅಲ್ಲಿ ಈ ತಿಂಗಳ ಕೆಲಸ, ಈ ತಿಂಗಳ ದುಡ್ಡು ಮಾತ್ರ. ಅದಕ್ಕೆ ಅಲ್ಲಿ ಓಪನಿಂಗ್‌ನ ಉಳಿದ 40% ಬೇಕು.

ತಪ್ಪಾಗುವುದು ಎರಡನ್ನೂ ಬೆರೆಸಿದಾಗ. ಮೇಲೆ ಈ ತಿಂಗಳ ವೆಚ್ಚ ಮಾತ್ರ ಇಟ್ಟು, ಕೆಳಗೆ ವೇಯ್ಟೆಡ್ ಆವರೇಜಿನ 21,000ದಿಂದ ಭಾಗಿಸುತ್ತಾರೆ. ಮೆಟೀರಿಯಲ್ ದರ ₹200 ಬರುವ ಬದಲು ₹181 ಚಿಲ್ಲರೆ ಬರುತ್ತದೆ. ಹಳೆ ಮಾಲನ್ನು ಎಣಿಸಿದ್ದಾರೆ, ಅದರ ದುಡ್ಡನ್ನು ಬಿಟ್ಟಿದ್ದಾರೆ. ಇದು ಬೇಗ ಸಿಕ್ಕಿಬೀಳುತ್ತದೆ, ಕೊನೆಗೆ ಒಟ್ಟು ಮೊತ್ತ ತಾಳೆ ಆಗುವುದಿಲ್ಲ. ತಾಳೆ ಆಗದ ತಪ್ಪು ದೊಡ್ಡ ತಪ್ಪಲ್ಲ ಅಂತ ನಾನು ಯಾವಾಗಲೂ ಹೇಳುತ್ತೇನೆ. ಎಲ್ಲ ತಾಳೆ ಆಗಿಯೂ ತಪ್ಪಾಗಿರುತ್ತದಲ್ಲ, ಅದು ಭಯ ಹುಟ್ಟಿಸುವಂಥದ್ದು.

ಅಂಥದ್ದೊಂದು ನನ್ನ ಕೈಯಲ್ಲೇ ಆಗಿತ್ತು. ಕಾರ್ಖಾನೆಯ ಹೆಸರು ಬೇಡ. ನಾನು ಕಾಸ್ಟಿಂಗ್‌ಗೆ ಹೊಸಬ. ತಿಂಗಳ ಕೊನೆಗೆ ಡಬ್ಲ್ಯುಐಪಿ, ಅಂದರೆ ಅರ್ಧಂಬರ್ಧ ಆದ ಮಾಲು, ಎಣಿಸಲು ಸ್ಟೋರಿನ ಹುಡುಗನನ್ನು ಕಳಿಸಿದೆ. ಅವನು ಸೆಂಟ್ರಿಫ್ಯೂಜ್ ಹತ್ತಿರ ಇದ್ದ ಕೇಕ್ ಚೀಲಗಳನ್ನೆಲ್ಲ ಕಾಟಾದ ಮೇಲೆ ಇಟ್ಟು ತೂಗಿ, ಚೀಟಿ ಬರೆದು ತಂದ. ಪಾಪ, ಹೇಳಿದ ಕೆಲಸ ಚೆನ್ನಾಗಿಯೇ ಮಾಡಿದ. ತೂಕದಲ್ಲಿ ಒಂದು ಗ್ರಾಂ ತಪ್ಪಿರಲಿಲ್ಲ. ಅವತ್ತಿನ ಅಂಕಿ ನನಗೆ ನೆನಪಿಲ್ಲ, ಇವತ್ತಿನ ಬೋರ್ಡಿನ ಲೆಕ್ಕದಲ್ಲೇ ತೋರಿಸುತ್ತೇನೆ. ಅವನ ಚೀಟಿಯಲ್ಲಿ ಇದ್ದದ್ದು 3,000 ಅಲ್ಲ, 4,000 ಕೆಜಿ ಅಂದುಕೊಳ್ಳಿ.

ಯಾಕೆ 4,000? ಕೇಕ್ ಒದ್ದೆ. ಅದರಲ್ಲಿ 25% ದ್ರವ ಇದೆ. 4,000 ಕೆಜಿ ಒದ್ದೆ ಕೇಕಿನಲ್ಲಿ ಒಣ ಮಾಲು 3,000 ಕೆಜಿ ಮಾತ್ರ.

ಇದು ನಿಮಗೆ ಗೊತ್ತಿಲ್ಲದ ವಿಷಯವೇನಲ್ಲ. ಭತ್ತ ಮಾರಲು ಹೋದವರನ್ನು ಕೇಳಿ. ವ್ಯಾಪಾರಿ ಮೊದಲು ಚೀಲಕ್ಕೆ ಮಾಯಿಶ್ಚರ್ ಮೀಟರ್ ಚುಚ್ಚುತ್ತಾನೆ. ಸರ್ಕಾರದ ಖರೀದಿ ಕೇಂದ್ರದಲ್ಲಿ ತೇವಾಂಶ 17% ದಾಟಬಾರದು. ಸಿಂಧನೂರಿನಲ್ಲಾಗಲಿ ಗಂಗಾವತಿಯಲ್ಲಾಗಲಿ, ಹಸಿ ಭತ್ತದ ತೂಕಕ್ಕೆ ಒಣ ಭತ್ತದ ರೇಟು ಯಾರೂ ಕೊಡುವುದಿಲ್ಲ. ಮಾರ್ಕೆಟ್ಟಿನಲ್ಲಿ ನಮಗೆ ಇಷ್ಟು ಬುದ್ಧಿ ಇರುತ್ತದೆ, ಎಕ್ಸೆಲ್ ಶೀಟ್ ಮುಂದೆ ಕೂತ ಕೂಡಲೇ ಹೋಗಿಬಿಡುತ್ತದೆ!

4,000 ಹಾಕಿದರೆ ಏನಾಗುತ್ತದೆ ನೋಡಿ. 18,000, 1,000, 4,000 ಸೇರಿ 23,000 ಕೆಜಿ. ಒಳಗೆ ಹೋಗಿದ್ದು 22,000. ಎಲ್ಲಿಂದಲೋ 1,000 ಕೆಜಿ ಜಾಸ್ತಿ ಬಂತು. ಪುಸ್ತಕದಲ್ಲಿ ಇದಕ್ಕೆ ಹೆಸರು ರೆಡಿ ಇದೆ, ಅಬ್‌ನಾರ್ಮಲ್ ಗೇನ್. ನಾನೂ ಪುಸ್ತಕ ಓದಿಕೊಂಡು ಬಂದವನು, ಹಾಗೇ ಬರೆದೆ.

ಈಗ ಮೆಟೀರಿಯಲ್ ಯೂನಿಟ್ ಲೆಕ್ಕ ಹಾಕಿ. 18,000 ಕೂಡಿಸು 4,000, ಅಬ್‌ನಾರ್ಮಲ್ ಗೇನ್ 1,000 ಕಳೆಯಬೇಕು. ಎಷ್ಟು? 21,000. ಮೊದಲಿನಷ್ಟೇ! ದರ ಅದೇ ₹200. ಕನ್ವರ್ಶನ್‌ಗೆ 18,000 ಕೂಡಿಸು 2,000 ಕಳೆ 1,000, ಅಂದರೆ 19,000. ದರ ₹60 ಇದ್ದದ್ದು ₹61.58 ಆಯಿತು. ಒಂದೂವರೆ ರೂಪಾಯಿ ವ್ಯತ್ಯಾಸ. ಕರೆಂಟ್ ಬಿಲ್ ಸ್ವಲ್ಪ ಜಾಸ್ತಿ ಬಂದಿರಬೇಕು ಅಂತ ಮ್ಯಾನೇಜರ್ ಸುಮ್ಮನಾಗುತ್ತಾರೆ. ಕೆಜಿ ದರ ನೋಡಿ ತಪ್ಪು ಹಿಡಿಯುತ್ತೇನೆ ಅನ್ನುವವರಿಗೆ ಇಲ್ಲಿ ಏನೂ ಸಿಗುವುದಿಲ್ಲ. ಅದಕ್ಕೇ ಇದು ಅಪಾಯ.

ತಪ್ಪೆಲ್ಲ ಹೋಗಿ ಕೂತಿರುವುದು ಬೇರೆ ಕಡೆ. ಕ್ಲೋಸಿಂಗ್ ಸ್ಟಾಕ್ ₹6,90,000 ಇರಬೇಕಾದದ್ದು ₹9,23,000 ದಾಟಿತು. ಮುಗಿದ ಮಾಲಿನ ವೆಚ್ಚವೂ ₹28,000ದಷ್ಟು ಏರಿತು. ಎರಡಕ್ಕೂ ಎದುರಾಗಿ ಸುಮಾರು ₹2,61,600ರ ಅಬ್‌ನಾರ್ಮಲ್ ಗೇನ್ ಹುಟ್ಟಿಕೊಂಡಿತು. ಪ್ರೋಸೆಸ್ ಅಕೌಂಟಿನ ಎರಡೂ ಕಡೆ ತಾಳೆ. ಆ ತಿಂಗಳ ಲಾಭ ಚೆನ್ನಾಗಿ ಕಾಣಿಸಿತು. ಪ್ರೊಡಕ್ಷನ್‌ನವರಿಗೆ ಶಹಬ್ಬಾಸ್ ಸಿಕ್ಕಿತು. ದ್ರವವನ್ನು ಕೆಜಿಗೆ ₹200ರಂತೆ ಸ್ಟಾಕ್ ಅಂತ ತೋರಿಸಿದ್ದೆವು!

ಮುಂದಿನ ತಿಂಗಳು ಕೇಕ್ ಒಣಗಿತು. 4,000 ಕೆಜಿ ಓಪನಿಂಗ್‌ನಲ್ಲಿ ಪುಡಿ ಆಗಿ ಹೊರಗೆ ಬಂದದ್ದು 3,000. ಈಗ 1,000 ಕೆಜಿ ಅಬ್‌ನಾರ್ಮಲ್ ಲಾಸ್. ಮೀಟಿಂಗಿನಲ್ಲಿ ಡ್ರೈಯರ್ ಶಿಫ್ಟಿನ ಸೂಪರ್‌ವೈಸರ್‌ಗೆ ಬೈಗುಳ ಬಿತ್ತು. ಅವರು ವಯಸ್ಸಾದವರು, ಇಪ್ಪತ್ತು ವರ್ಷ ಅದೇ ಡ್ರೈಯರ್ ಮುಂದೆ ನಿಂತವರು. ಮೀಟಿಂಗ್ ಮುಗಿದ ಮೇಲೆ ನನ್ನ ಟೇಬಲ್ಲಿಗೆ ಬಂದು ಒಂದೇ ಮಾತು ಕೇಳಿದರು: "ತಮ್ಮಾ, ಡ್ರೈಯರಿಗೆ ಹಾಕಿದ ಮೇಲೆ ನೀರು ಆರದೇ ಇರ್ತದೇನು?" ನನಗೆ ಆಗ ತಿಳಿಯಿತು. ಅವತ್ತಿನ ನಾಚಿಕೆ ಇನ್ನೂ ಹೋಗಿಲ್ಲ ಅಂತಿಟ್ಟುಕೊಳ್ಳಿ.

ಹಾಗಾಗಿ ನನ್ನ ಮೊದಲ ಮಾತು. ಕೆಮಿಕಲ್ ಪ್ಲಾಂಟಿನಲ್ಲಿ ಒಂದು ಯೂನಿಟ್ ಅಂದರೆ ಒಂದು ಕೆಜಿ ಒಣ ಮಾಲು. ಓಪನಿಂಗ್, ಚಾರ್ಜ್, ಕ್ಲೋಸಿಂಗ್, ಎಲ್ಲವನ್ನೂ ಒಣ ಮಾಲಿನ ಲೆಕ್ಕಕ್ಕೆ ತಂದ ಮೇಲೆಯೇ ಪರ್ಸೆಂಟ್ ಹಚ್ಚಬೇಕು. ಚಾರ್ಜ್ ಮಾಡಿದ ಕಚ್ಚಾ ಮಾಲಿನ ತೂಕವನ್ನೂ ಹಾಗೇ ತೆಗೆದುಕೊಳ್ಳಬಾರದು. ಅದರಲ್ಲಿ ಮಾಲು ಕರಗಿಸಲು ಹಾಕಿದ ಸಾಲ್ವೆಂಟ್ ಇರುತ್ತದೆ, ಅದು ರಿಕವರಿಗೆ ಹೋಗಿ ಮತ್ತೆ ಬರುತ್ತದೆ. ಅದಕ್ಕೇ ನಾವು "ಈ ಚಾರ್ಜಿನಿಂದ ಎಷ್ಟು ಒಣ ಪುಡಿ ಬರಬೇಕು" ಅಂತ 1,000 ಕೆಜಿ ಹಿಡಿದದ್ದು.

ಒಣ ತೂಕ ತಿಳಿಯುವುದು ಕಷ್ಟ ಇಲ್ಲ. ಲ್ಯಾಬಿನವರು ದಿನಾ ಎಲ್‌ಒಡಿ ಮಾಡುತ್ತಾರೆ, ಲಾಸ್ ಆನ್ ಡ್ರೈಯಿಂಗ್. ಒಂದಿಷ್ಟು ಕೇಕ್ ತೂಗಿ ಒಣಗಿಸಿ ಮತ್ತೆ ತೂಗುತ್ತಾರೆ. 10 ಗ್ರಾಂ ಇದ್ದದ್ದು 7.5 ಗ್ರಾಂ ಆದರೆ 25%. ಆ ಚೀಟಿ ಲ್ಯಾಬಿನ ಫೈಲಿನಲ್ಲೇ ಇರುತ್ತದೆ. ಅಕೌಂಟ್ಸಿಗೆ ಬರುವುದಿಲ್ಲ, ಯಾಕೆಂದರೆ ನಾವು ಕೇಳಿರುವುದಿಲ್ಲ.

ಇನ್ನೊಂದು ಗುರುತು ಇಟ್ಟುಕೊಳ್ಳಿ. ರಿಯಾಕ್ಟರ್‌ನಲ್ಲಿ ಮಾಲು ತಾನಾಗಿ ಹುಟ್ಟುವುದಿಲ್ಲ. 5% ಲಾಸ್ ಅಂದದ್ದು 4% ಆಯಿತು ಅಂದರೆ ನಂಬಬಹುದು, ತಂಪು ಚೆನ್ನಾಗಿ ಮಾಡಿದರು ಅಂತ. ನಮ್ಮ ಲೆಕ್ಕದಲ್ಲಿ ಗೇನ್ 1,000 ಕೆಜಿ, ನಾರ್ಮಲ್ ಲಾಸ್ ಪೂರ್ತಿ ಅಳಿಸಿ ಹೋಗುವಷ್ಟು. ಅಂದರೆ ಎಂಎಲ್‌ನಲ್ಲಿ ಒಂದು ಕೆಜಿಯೂ ಹೋಗಿಲ್ಲ ಅಂತ ಅರ್ಥ. ಅದು ಆಗದ ಮಾತು. ಗೇನ್ ಬಂದ ತಿಂಗಳು ಮೊದಲು ಒದ್ದೆ ನೋಡಿ. ಅದರ ಮುಂದಿನ ತಿಂಗಳೇ ಅಷ್ಟೇ ಲಾಸ್ ಬಂದರೆ ಇನ್ನು ಅನುಮಾನವೇ ಬೇಡ.

ಕೆಲವರು ಇದಕ್ಕಿಂತ ಜಾಣರು. ಗೇನ್ ತೋರಿಸಿದರೆ ಆಡಿಟರ್ ಕೇಳುತ್ತಾರೆ ಅಂತ ನಾರ್ಮಲ್ ಲಾಸನ್ನೇ ಸೊನ್ನೆ ಮಾಡಿ ತಾಳೆ ಮಾಡಿಬಿಡುತ್ತಾರೆ. ಹಾಗೆ ಮಾಡಬೇಡಿ. ನಾರ್ಮಲ್ ಲಾಸ್ ಅನ್ನುವುದು ತಿಂಗಳು ಶುರುವಾಗುವ ಮೊದಲೇ ನಿಗದಿಯಾದದ್ದು. ಅದನ್ನು ಉಳಿಕೆ ಅಂಕಿಯಾಗಿ ತೆಗೆದರೆ, ತೂಕದ ತಪ್ಪು, ಕಳವು, ಸೋರಿಕೆ ಎಲ್ಲ ಅದರೊಳಗೆ ಮುಚ್ಚಿಹೋಗುತ್ತದೆ. ಅಬ್‌ನಾರ್ಮಲ್ ನಷ್ಟವನ್ನು ಸ್ಟಾಕ್ ಬೆಲೆಗೆ ಸೇರಿಸುವ ಹಾಗಿಲ್ಲ ಅಂತ ಸ್ಟಾಕ್ ಬೆಲೆಯ ಅಕೌಂಟಿಂಗ್ ಸ್ಟ್ಯಾಂಡರ್ಡ್ ಇಂಡ್ ಎಎಸ್ 2 ಹೇಳುತ್ತದೆ. ನಾರ್ಮಲ್ ಹೆಸರಿನಲ್ಲಿ ಮುಚ್ಚಿಟ್ಟರೆ ಅದು ಸ್ಟಾಕಿಗೇ ಸೇರುತ್ತದೆ, ಅಲ್ವಾ?

ಎರಡನೆಯ ಮಾತು ಆ 50% ಬಗ್ಗೆ. ಸಾಮಾನ್ಯವಾಗಿ ಇದನ್ನು ಗಂಟೆ ನೋಡಿ ಹಾಕುತ್ತಾರೆ. ಸೆಂಟ್ರಿಫ್ಯೂಜ್ ದಾಟುವಷ್ಟರಲ್ಲಿ 30ರಲ್ಲಿ 20 ಗಂಟೆ ಆಗಿದೆ, ಮೂರರಲ್ಲಿ ಎರಡು ಭಾಗ, ಅಂದರೆ 67%. ಆದರೆ ಗಂಟೆಗಳೆಲ್ಲ ಒಂದೇ ಅಲ್ಲ. ರಿಯಾಕ್ಷನ್ ಹೊತ್ತಲ್ಲಿ ಕಲಕುವ ಮೋಟಾರ್ ತಿರುಗುತ್ತಿರುತ್ತದೆ, ಒಬ್ಬ ಆಪರೇಟರ್ ಮೀಟರ್ ನೋಡುತ್ತಿರುತ್ತಾನೆ, ಅಷ್ಟೇ. ಡ್ರೈಯರ್ ಶುರುವಾದರೆ ಸ್ಟೀಮ್ ಬೇಕು, ವ್ಯಾಕ್ಯೂಮ್ ಪಂಪ್ ಬೇಕು, ಬಾಯ್ಲರಿಗೆ ಇಂಧನ ಸುರಿಯಬೇಕು. ನಮ್ಮ ಪ್ಲಾಂಟಿನಲ್ಲಿ ಕನ್ವರ್ಶನ್ ವೆಚ್ಚದ ಅರ್ಧ ಆ ಕೊನೆಯ 10 ಗಂಟೆಯಲ್ಲೇ ಬೀಳುತ್ತದೆ. ಅದಕ್ಕೆ ಡ್ರೈಯರ್ ಬಾಗಿಲಲ್ಲಿ ನಿಂತ ಮಾಲು 50%, 67% ಅಲ್ಲ.

67% ಹಾಕಿದ್ದರೆ? ಯೂನಿಟ್ 20,000 ಆಗುತ್ತಿತ್ತು, ದರ ₹58.50ಕ್ಕೆ ಇಳಿಯುತ್ತಿತ್ತು. ಕ್ಲೋಸಿಂಗ್ ಮಾಲಿನ ಕನ್ವರ್ಶನ್ ₹90,000 ಬದಲು ₹1,17,000. ₹27,000 ವೆಚ್ಚ ಈ ತಿಂಗಳಿಂದ ಮುಂದಿನ ತಿಂಗಳಿಗೆ ಜಾರಿಕೊಂಡಿತು. ಒದ್ದೆ ಕೇಕಿನ ತಪ್ಪಿನ ಮುಂದೆ ಇದು ಸಣ್ಣದು. ನನ್ನನ್ನು ಕೇಳಿದರೆ, ಪರ್ಸೆಂಟ್ ಬಗ್ಗೆ ಜಗಳ ಆಡುವ ಮೊದಲು ತೂಕ ಸರಿಮಾಡಿ. ಆದರೆ ಮಾರ್ಚ್ ತಿಂಗಳಲ್ಲಿ ಲಾಭ ತೋರಿಸಬೇಕು ಅನ್ನುವವರು ಮುಟ್ಟುವುದು ಇದೇ ಪರ್ಸೆಂಟನ್ನು. ತೂಕಕ್ಕೆ ಕಾಟಾ ಸಾಕ್ಷಿ ಇದೆ, ಪರ್ಸೆಂಟಿಗೆ ಯಾವ ಸಾಕ್ಷಿಯೂ ಇಲ್ಲ ಅಂತ ಅವರಿಗೆ ಗೊತ್ತು.

ಸಾಕ್ಷಿ ಇಲ್ಲ ಅಂದೆ, ಮಾಡಿಟ್ಟುಕೊಳ್ಳಬಹುದು. ಎಂಜಿನಿಯರ್ ಜೊತೆ ಕೂತು ಪ್ರತಿ ಹಂತಕ್ಕೂ ಸ್ಟೀಮ್, ಕರೆಂಟು, ಕೂಲಿ ಎಷ್ಟು ಅಂತ ಒಂದು ಪಟ್ಟಿ ಮಾಡಿ ಸಹಿ ಹಾಕಿಸಿ. ತಿಂಗಳ ಕೊನೆಗೆ ಬ್ಯಾಚ್ ಕಾರ್ಡ್ ನೋಡಿದರೆ ಮಾಲು ಯಾವ ಹಂತದಲ್ಲಿದೆ ಅಂತ ತಿಳಿಯುತ್ತದೆ, ಪಟ್ಟಿಯಿಂದ ಪರ್ಸೆಂಟ್ ತೆಗೆಯುತ್ತೀರಿ. ಆ ಪಟ್ಟಿಯನ್ನು ಬೇಸಿಗೆಯಲ್ಲಿ ಒಮ್ಮೆ ತಿರುಗಿ ನೋಡಿ. ನಮ್ಮೂರಿನ ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ. ಚಿಲ್ಲರ್ ಜಾಸ್ತಿ ಹೊತ್ತು ಓಡುತ್ತದೆ, ಹರಳು ಕಟ್ಟಿಸುವ ಹಂತಕ್ಕೇ ಕರೆಂಟು ಜಾಸ್ತಿ ಎಳೆಯುತ್ತದೆ. ಡಿಸೆಂಬರಿನ 50% ಮೇ ತಿಂಗಳಲ್ಲಿ 55% ಇರಬಹುದು.

ಇದೇ ನೆಪದಲ್ಲಿ ಇನ್ನೊಂದು ಸಣ್ಣ ವಿಷಯ. ನಮ್ಮ ಕ್ಲೋಸಿಂಗ್ ಮಾಲು ಸೆಂಟ್ರಿಫ್ಯೂಜ್ ದಾಟಿತ್ತು, ಅಂದರೆ ಎಂಎಲ್ ಲಾಸ್ ಅದಕ್ಕೂ ಆಗಿ ಮುಗಿದಿತ್ತು. ಹಾಗಾಗಿ ಲಾಸಿನ ಹೊರೆ ಮುಗಿದ ಮಾಲಿಗೂ ಕ್ಲೋಸಿಂಗ್ ಮಾಲಿಗೂ ಹಂಚಿಹೋದದ್ದು ನ್ಯಾಯ. ಮಾಲು ಇನ್ನೂ ರಿಯಾಕ್ಟರಿನಲ್ಲೇ ಇದ್ದಿದ್ದರೆ? ಅದಕ್ಕೆ ಲಾಸ್ ಇನ್ನೂ ಆಗಿಲ್ಲ. ಆಗ 5% ಅನ್ನು ಸೆಂಟ್ರಿಫ್ಯೂಜ್ ದಾಟಿದ ಮಾಲಿನ ಮೇಲೆ ಮಾತ್ರ ಲೆಕ್ಕ ಹಾಕಬೇಕು, ಅದರ ಹೊರೆಯನ್ನೂ ಅದೇ ಮಾಲು ಹೊರಬೇಕು.

ವೇಯ್ಟೆಡ್ ಆವರೇಜ್‌ನಿಂದ ಏನು ಸಿಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಹಂಡೆಯಲ್ಲಿ ಕಲಸಿದ ಮೇಲೆ ಈ ತಿಂಗಳ ರುಚಿ ಬೇರೆ ಸಿಗುವುದಿಲ್ಲ. ನಮ್ಮ ಲೆಕ್ಕದಲ್ಲಿ ಫಿಫೋ ಮಾಡಿದರೆ ಈ ತಿಂಗಳ ಮೆಟೀರಿಯಲ್ ದರ ₹200.53 ಬರುತ್ತದೆ. ವ್ಯತ್ಯಾಸ ಪೈಸೆಯಲ್ಲಿದೆ, ಯಾಕೆಂದರೆ ಓಪನಿಂಗ್ ಮಾಲು ಕಡಿಮೆ, ರೇಟೂ ಜಾಸ್ತಿ ಬದಲಾಗಿಲ್ಲ. ಕಚ್ಚಾ ಮಾಲಿನ ರೇಟು ಒಮ್ಮೆಲೇ ಹಾರಿದ ತಿಂಗಳು ಓಪನಿಂಗ್ ಮಾಲೂ ದಂಡಿಯಾಗಿದ್ದರೆ, ಏರಿಕೆಯ ಒಂದು ಭಾಗವನ್ನು ಹಳೆ ಅಗ್ಗದ ಮಾಲು ಮರೆಮಾಡುತ್ತದೆ. ಸ್ಟಾಕ್ ಬೆಲೆ ಕಟ್ಟಲು ಇಂಡ್ ಎಎಸ್ 2 ಎರಡನ್ನೂ ಒಪ್ಪುತ್ತದೆ. ಆದರೆ ಹೊಸ ಆರ್ಡರಿಗೆ ರೇಟು ಕೊಡುವಾಗ ಆವರೇಜ್ ದರ ನೋಡಿ ಕೊಡಬೇಡಿ, ಈ ತಿಂಗಳ ದರ ಬೇರೆ ತೆಗೆದು ನೋಡಿ.

ಕೊನೆಗೆ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡುವ ತಂಗಿಯೊಬ್ಬರು ಕೇಳಿದರು: "ಸರ್, 31ರ ರಾತ್ರಿ ಲ್ಯಾಬಿನಲ್ಲಿ ಯಾರೂ ಇರುವುದಿಲ್ಲ. ಎಲ್‌ಒಡಿ ರಿಪೋರ್ಟ್ ಇಲ್ಲದಿದ್ದರೆ ಏನು ಮಾಡಬೇಕು?" ನಾನು ಮಾಡುತ್ತಿದ್ದದ್ದು ಹೀಗೆ. ಹಿಂದಿನ ಐದಾರು ಬ್ಯಾಚಿನ ಎಲ್‌ಒಡಿ ತೆಗೆದು ಸರಾಸರಿ ಹಚ್ಚುತ್ತಿದ್ದೆ. ಆ ರಾತ್ರಿಯ ಕೇಕಿನಿಂದ ಒಂದಿಷ್ಟು ಸ್ಯಾಂಪಲ್ಲನ್ನು ಗಾಳಿ ಆಡದ ಡಬ್ಬಿಯಲ್ಲಿ ಹಾಕಿ, ಬ್ಯಾಚ್ ನಂಬರ್ ಬರೆದು ಇಡಿಸುತ್ತಿದ್ದೆ. ತಿಂಗಳ ಲೆಕ್ಕ ಮುಗಿಸಲು ನಾಲ್ಕೈದು ದಿನ ಇದ್ದೇ ಇರುತ್ತದೆ. 1ನೇ ತಾರೀಖು ಬೆಳಿಗ್ಗೆ ಲ್ಯಾಬ್ ಅದನ್ನು ಒಣಗಿಸಿ ಕೊಟ್ಟರೆ, ಸರಾಸರಿ ತೆಗೆದು ನಿಜವಾದ ಅಂಕಿ ಹಾಕುವುದು. ಡಬ್ಬಿ ಮಾತ್ರ ಗಟ್ಟಿ ಮುಚ್ಚಿರಬೇಕು. ನಮ್ಮ ಬಿಸಿಲಿಗೆ ಬೆಳಗಾಗುವಷ್ಟರಲ್ಲಿ ಕೇಕ್ ಅಲ್ಲೇ ಒಣಗಿಬಿಡುತ್ತದೆ.